ಡ್ಯಾಶ್‌ಬೋರ್ಡಿನಲ್ಲಿ ಆಮೆ ಕಂಡಾಗ

ಮಂಗಳೂರು ಕಡೆಯಿಂದ ಬೆಂಗಳೂರಿಗೆ ಹೊರಟ ಎಲೆಕ್ಟ್ರಿಕ್ ಕಾರೊಂದು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದೆ ಎಂದಿಟ್ಟುಕೊಳ್ಳಿ. ಒಳಗೆ ನಾಲ್ಕು ಜನ, ಡಿಕ್ಕಿ ತುಂಬ ಲಗೇಜು. ಗುಂಡ್ಯದಲ್ಲಿ ಬ್ಯಾಟರಿ 35 ಪರ್ಸೆಂಟ್ ತೋರಿಸುತ್ತಿತ್ತು, ಇನ್ನೂ 70 ಕಿ.ಮೀ. ಓಡಬಹುದು ಎಂದೂ ಪರದೆ ಹೇಳುತ್ತಿತ್ತು. ಸಕಲೇಶಪುರ ಸುಮಾರು 40 ಕಿ.ಮೀ. ದೂರ. ಧಾರಾಳವಾಗಿ ಸಾಕು ಅಂದುಕೊಂಡೇ ಹೊರಟರು. ಮಾರನಹಳ್ಳಿ ದಾಟಿ, ಇನ್ನೇನು ಊರು ಬಂತು ಅನ್ನುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಹಳದಿ ಬಣ್ಣದ ಪುಟ್ಟ ಆಮೆ ಮೂಡುತ್ತದೆ. ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಕಾರು ಮೊದಲಿನಂತೆ ಎಳೆಯುವುದಿಲ್ಲ. ಹಿಂದೆ ಟ್ಯಾಂಕರ್ ಲಾರಿ ಹಾರ್ನ್ ಹೊಡೆಯುತ್ತಿದೆ.

ಇಲ್ಲಿ ಕಾರು ಕೆಟ್ಟಿಲ್ಲ. ಲೆಕ್ಕ ಹಾಕಿ ನೋಡಿದರೆ ಇದು ಗುಂಡ್ಯದಲ್ಲೇ ಗೊತ್ತಾಗಬೇಕಿದ್ದ ಸಂಗತಿ. ಜನ, ಲಗೇಜು ಎಲ್ಲ ಸೇರಿ ಕಾರಿನ ತೂಕ 1,750 ಕೆ.ಜಿ. ಎಂದುಕೊಳ್ಳೋಣ. ಗುಂಡ್ಯದಿಂದ ಸಕಲೇಶಪುರಕ್ಕೆ ಏರಬೇಕಾದ ಎತ್ತರ ಸುಮಾರು 800 ಮೀಟರ್. ಇಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ 3.8 ಯೂನಿಟ್ ಕರೆಂಟ್ ಬೇಕು. ಮೋಟಾರು ಮತ್ತು ಗೇರ್‌ಗಳಲ್ಲಿ ಸೋರಿ ಹೋಗುವುದನ್ನು ಸೇರಿಸಿದರೆ ನಾಲ್ಕೂಕಾಲು ಯೂನಿಟ್ ದಾಟುತ್ತದೆ. ಸಮತಟ್ಟಾದ ರಸ್ತೆಯಲ್ಲಾದರೂ 40 ಕಿ.ಮೀ. ಓಡಲು ಬೇಕಾದ ಐದೂಮುಕ್ಕಾಲು ಯೂನಿಟ್ ಬೇರೆ. ಒಟ್ಟು ಹತ್ತು. ನಮ್ಮಲ್ಲಿ ಹೆಚ್ಚು ಓಡುತ್ತಿರುವ ಹಳೆಯ ನೆಕ್ಸಾನ್ ಇವಿಯಂಥ ಕಾರಿನ ಬ್ಯಾಟರಿ ಹಿಡಿಯುವುದು ಸುಮಾರು 30 ಯೂನಿಟ್. ಹತ್ತು ಯೂನಿಟ್ ಎಂದರೆ ಅದರ ಮೂರನೇ ಒಂದು ಭಾಗ. 35 ಪರ್ಸೆಂಟ್ ಇಟ್ಟುಕೊಂಡು ಹೊರಟವರಿಗೆ ಮೇಲೆ ತಲುಪುವಾಗ ಉಳಿಯುವುದು ಒಂದೆರಡು ಪರ್ಸೆಂಟ್ ಅಷ್ಟೆ. ಪರದೆಯ 70 ಕಿ.ಮೀ. ಲೆಕ್ಕ ಹಿಂದೆ ಓಡಿದ ಸಮತಟ್ಟು ರಸ್ತೆಯ ಅಂದಾಜಿನ ಮೇಲೆ ನಿಂತಿತ್ತು. ಮುಂದೆ ಘಾಟಿ ಇದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಆದರೆ ಬ್ಯಾಟರಿಯಲ್ಲಿ ಇನ್ನೂ ಒಂದಿಷ್ಟು ಉಳಿದಿರುವಾಗಲೇ ಆಮೆ ಬಂದದ್ದೇಕೆ? ಪೂರ್ತಿ ಖಾಲಿಯಾಗುವವರೆಗೆ ಅದೇ ವೇಗದಲ್ಲಿ ಓಡಿಸಬಾರದಿತ್ತೆ? ಇದಕ್ಕೆ ಉತ್ತರ ಬ್ಯಾಟರಿಯ ಒಳಗಿನ ಸೆಲ್‌ಗಳಲ್ಲಿದೆ. ಈ ಕಾರುಗಳ ಬ್ಯಾಟರಿ ಒಂದೇ ದೊಡ್ಡ ಡಬ್ಬಿಯಂತೆ ಕಂಡರೂ ಒಳಗೆ ಸಣ್ಣ ಸಣ್ಣ ಸೆಲ್‌ಗಳನ್ನು ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿರುತ್ತಾರೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಒಂದು ಸೆಲ್ಲಿನದು 3.2 ವೋಲ್ಟ್, ಅಂಥ ನೂರನ್ನು ಸಾಲಾಗಿ ಜೋಡಿಸಿದರೆ 320 ವೋಲ್ಟ್ ಆಗುತ್ತದೆ. ಯಾವ ಸೆಲ್ಲೂ ಸುಮಾರು 2.5 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಒಳಗಿನ ರಾಸಾಯನಿಕ ರಚನೆಯೇ ಹಾಳಾಗುತ್ತದೆ, ಆಮೇಲೆ ಅದು ಸರಿಹೋಗುವುದಿಲ್ಲ.

ಹಳ್ಳಿಯಲ್ಲಿ ಪಂಪ್‌ಸೆಟ್ ಶುರುವಾದ ಕೂಡಲೇ ಮನೆಯ ಬಲ್ಬು ಮಂಕಾಗುತ್ತದಲ್ಲ, ಸೆಲ್ಲಿನಲ್ಲಿ ಆಗುವುದೂ ಅದೇ. ಹೆಚ್ಚು ಕರೆಂಟ್ ಎಳೆದಷ್ಟೂ ಅದರ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ತುಂಬಿರುವಾಗ ಈ ಕುಸಿತ ಲೆಕ್ಕಕ್ಕೆ ಬಾರದಷ್ಟು. ತಳ ಮುಟ್ಟುವ ಹೊತ್ತಿಗೆ ಅದು ಜೋರಾಗುತ್ತದೆ. ಹತ್ತು ಪರ್ಸೆಂಟಿಗಿಂತ ಕೆಳಗಿರುವ ಬ್ಯಾಟರಿಯಿಂದ ಏರಿನಲ್ಲಿ ಪೂರ್ತಿ ಶಕ್ತಿ ಎಳೆದರೆ, ನೂರರಲ್ಲಿ ತೀರ ಬಡವಾದ ಒಂದು ಸೆಲ್ ಆ ಗೆರೆಯ ಹತ್ತಿರ ಬರುತ್ತದೆ. ಪ್ರತಿಯೊಂದು ಸೆಲ್ಲನ್ನೂ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೊಂದು ಬ್ಯಾಟರಿಯೊಳಗೆ ಇದೆ, ಬಿಎಂಎಸ್ ಎನ್ನುತ್ತಾರೆ. ಅದು ಸರಾಸರಿಯನ್ನು ನೋಡುವುದಿಲ್ಲ, ತೀರ ಕೆಳಗಿರುವ ಸೆಲ್ಲನ್ನು ನೋಡುತ್ತದೆ. ಅದನ್ನು ಉಳಿಸಲು ಮೋಟಾರಿಗೆ ಹೋಗುವ ಕರೆಂಟನ್ನು ಬಿಗಿಹಿಡಿದು, ಹಿಡಿದಿದ್ದೇನೆ ಎಂದು ತಿಳಿಸಲು ಆಮೆಯನ್ನು ತೋರಿಸುತ್ತದೆ. ನಿಸಾನ್ ಲೀಫ್ 2010ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಈ ಆಮೆ ಅದರ ಡ್ಯಾಶ್‌ಬೋರ್ಡಿನಲ್ಲಿತ್ತು. ಈಗ ಹಲವು ಕಂಪನಿಗಳು ಇದೇ ಚಿತ್ರ ಬಳಸುತ್ತವೆ, ಕೆಲವು ಶಕ್ತಿ ತಗ್ಗಿಸಲಾಗಿದೆ ಎಂದು ಬರಹದಲ್ಲಿ ತೋರಿಸುತ್ತವೆ.

ಆಮೆ ಕಂಡವರು ಮಾಡಬೇಕಾದ್ದು ಇಷ್ಟು. ಓವರ್‌ಟೇಕ್ ಯೋಚನೆ ಬಿಟ್ಟು ಎಡಕ್ಕೆ ಬನ್ನಿ, ಹಜಾರ್ಡ್ ಲೈಟ್ ಹಾಕಿ, ಎ.ಸಿ. ಆರಿಸಿ, ಕಾರು ಕೊಡುವ ವೇಗದಲ್ಲೇ ಹೋಗಿ. ಆಕ್ಸಿಲರೇಟರ್ ಒತ್ತಿ ಹಿಡಿದು ಪ್ರಯೋಜನವಿಲ್ಲ. ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಬೇಕು: ಹತ್ತು ನಿಮಿಷ ನಿಲ್ಲಿಸಿದರೆ ಆಮೆ ಮಾಯವಾಗಬಹುದು. ಎಳೆತ ನಿಂತದ್ದರಿಂದ ಸೆಲ್ಲಿನ ವೋಲ್ಟೇಜ್ ಮೇಲೆದ್ದಿರುತ್ತದೆ, ಅಷ್ಟೆ. ಒಳಗಿನ ಚಾರ್ಜು ಒಂದು ಹನಿಯೂ ಹೆಚ್ಚಾಗಿರುವುದಿಲ್ಲ. ಹಾಗೆ ನಂಬಿ ಹೊರಟವರು ಇನ್ನೆರಡು ತಿರುವಿನಲ್ಲಿ, ನಿಲ್ಲಿಸಲು ಜಾಗವೇ ಇಲ್ಲದ ಕಡೆ ನಿಂತುಬಿಡುತ್ತಾರೆ. ಒಳ್ಳೆಯ ಜಾಗ ಸಿಕ್ಕಾಗಲೇ ನಿಲ್ಲಿಸಿ ಸಹಾಯಕ್ಕೆ ಕರೆಯುವುದು ಲೇಸು.

ಬ್ಯಾಟರಿ ಖಾಲಿಯಾಗುವಾಗ ಬರುವ ಆಮೆ ತನ್ನ ಕೆಲಸ ಮಾಡಿದೆ, ಅದರ ಬಗ್ಗೆ ಚಿಂತೆ ಬೇಡ. ಇಪ್ಪತ್ತು, ಮೂವತ್ತು ಪರ್ಸೆಂಟ್ ಇರುವಾಗಲೇ ಬಂದರೆ ಮಾತ್ರ ಅದರ ಹಿಂದೆ ಹೋಗಬೇಕು. ಕಾರಣ ಮೂರರಲ್ಲಿ ಒಂದಾಗಿರುತ್ತದೆ. ಮೊದಲನೆಯದು ಬಿಸಿ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೈವೇಯಲ್ಲಿ ಫಾಸ್ಟ್ ಚಾರ್ಜ್ ಮಾಡಿಸಿ ತಕ್ಷಣ ಘಾಟಿ ಹತ್ತಿದರೆ ಬ್ಯಾಟರಿ ಕಾದಿರುತ್ತದೆ. ನೆರಳಿನಲ್ಲಿ ಒಂದು ಗಂಟೆ ನಿಲ್ಲಿಸಿದ ಮೇಲೆ ಆಮೆ ಹೋಗಿ ಮತ್ತೆ ಬಾರದಿದ್ದರೆ ಬಿಸಿಯೇ ಕಾರಣ. ಎರಡನೆಯದು ಲೆಕ್ಕದ ತಪ್ಪು. ಐರನ್ ಫಾಸ್ಫೇಟ್ ಸೆಲ್ಲಿನ ಗುಣವೆಂದರೆ 80 ಪರ್ಸೆಂಟ್ ಇದ್ದಾಗಲೂ 30 ಇದ್ದಾಗಲೂ ಅದರ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಹೀಗಾಗಿ ಬಿಎಂಎಸ್ ಒಳಗೆ ಬಂದ ಕರೆಂಟು, ಹೊರಗೆ ಹೋದ ಕರೆಂಟುಗಳ ಜಮಾ ಖರ್ಚು ಬರೆದುಕೊಳ್ಳುತ್ತದೆ. ವಾರಗಟ್ಟಲೆ ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಹೋದರೆ ಆ ಲೆಕ್ಕದಲ್ಲಿ ಸಣ್ಣ ಸಣ್ಣ ತಪ್ಪು ಕೂಡಿಕೊಂಡು, ಪರದೆಯಲ್ಲಿ 18 ಇದ್ದದ್ದು ಒಮ್ಮೆಲೇ 6ಕ್ಕೆ ಬೀಳುತ್ತದೆ. ಮನೆಯ ನಿಧಾನ ಚಾರ್ಜರಿನಲ್ಲಿ 100 ಪರ್ಸೆಂಟ್ ತುಂಬಿಸಿ, ಅದು ತಾನಾಗಿ ನಿಲ್ಲುವವರೆಗೆ ಬಿಟ್ಟರೆ ಲೆಕ್ಕ ಮತ್ತೆ ಸರಿಹೋಗುತ್ತದೆ; ಸೆಲ್‌ಗಳ ನಡುವಿನ ಏರುಪೇರು ಸಮನಾಗುವುದೂ ಆಗಲೇ.

ಹೀಗೆ ತುಂಬಿಸಿದ ಮೇಲೂ ಆಮೆ ಬೇಗನೆ ಬರುತ್ತಿದ್ದರೆ ಮೂರನೆಯ ಕಾರಣವನ್ನು ಶಂಕಿಸಬೇಕು: ಸರಪಳಿಯಲ್ಲಿ ಒಂದೋ ಎರಡೋ ಸೆಲ್ ನಿಜಕ್ಕೂ ದುರ್ಬಲವಾಗಿವೆ. ಇದು ಸರ್ವಿಸ್ ಸೆಂಟರಿನವರು ಉಪಕರಣ ಜೋಡಿಸಿ ಸೆಲ್ ಸೆಲ್ಲಿನ ವೋಲ್ಟೇಜ್ ಓದಿಯೇ ಹೇಳಬೇಕಾದ ಮಾತು. ಅವರ ಬಳಿ ಹೋಗುವ ಮೊದಲು ಆಮೆ ಬಂದಾಗಲೆಲ್ಲ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಎಷ್ಟು ಪರ್ಸೆಂಟಿನಲ್ಲಿ ಬಂತು, ಏರಿನಲ್ಲೋ ಸಮತಟ್ಟಿನಲ್ಲೋ, ಅದಕ್ಕೆ ಮೊದಲು ಫಾಸ್ಟ್ ಚಾರ್ಜ್ ಆಗಿತ್ತೋ ಎಂಬುದನ್ನು ಬರೆದಿಡಿ. ನಮ್ಮಲ್ಲಿ ಹಲವು ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ವರ್ಕ್‌ಶಾಪಿಗೆ ಹೋದಾಗ ಆಮೆ ಕಾಣದಿದ್ದರೆ ನಿಮ್ಮ ಮಾತಿಗೆ ಆಧಾರವಾಗಿ ಉಳಿಯುವುದು ಈ ಫೋಟೋಗಳೇ.

ಘಾಟಿಯ ಮಾತು ಬಂದಾಗ ಇನ್ನೊಂದು ಸಂಗತಿ. ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ 100 ಪರ್ಸೆಂಟ್ ತುಂಬಿಸಿ ನೇರವಾಗಿ ಘಾಟಿ ಇಳಿಯಬೇಡಿ. ಇಳಿಜಾರಿನಲ್ಲಿ ಮೋಟಾರೇ ಬ್ರೇಕಿನ ಕೆಲಸ ಮಾಡಿ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ತುಂಬಿದ ಬ್ಯಾಟರಿಯಲ್ಲಿ ಅದನ್ನು ಇಟ್ಟುಕೊಳ್ಳಲು ಜಾಗವಿರುವುದಿಲ್ಲ. ಆಗ ಎಲ್ಲ ಭಾರವೂ ಮಾಮೂಲಿ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ.

ಈಗ ಕೆಂಪು ದೀಪದ ವಿಷಯಕ್ಕೆ ಬರೋಣ. ಹಳದಿ ಆಮೆ ನಿಧಾನವಾಗಿ ಹೋಗು ಎನ್ನುತ್ತದೆ. ಹೈ ವೋಲ್ಟೇಜ್ ಬ್ಯಾಟರಿಯ ಬಗ್ಗೆ ಕೆಂಪಕ್ಷರದ ಎಚ್ಚರಿಕೆ ಬಂದರೆ ನಿಲ್ಲಿಸು, ಇಳಿ ಎಂದರ್ಥ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರಿನಲ್ಲಿದ್ದದ್ದು 48 ವೋಲ್ಟಿನ ಬ್ಯಾಟರಿ. ಸುರಕ್ಷತಾ ನಿಯಮಗಳು ಡಿ.ಸಿ. ಕರೆಂಟಿನಲ್ಲಿ ಅಪಾಯದ ಗೆರೆ ಎಳೆಯುವುದು 60 ವೋಲ್ಟಿನಲ್ಲಿ. ರೇವಾ ಅದಕ್ಕಿಂತ ಕೆಳಗಿತ್ತು. ಇಂದಿನ ಕಾರುಗಳು 300ರಿಂದ 400 ವೋಲ್ಟಿನವು. ಮುಟ್ಟಿದರೆ ಜೀವ ಹೋಗುವಷ್ಟು ಶಕ್ತಿ ಅದು. ಬಾನೆಟ್ ತೆರೆದಾಗ ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ಹರಿಯುವುದು ಇದೇ. ಅವುಗಳಿಗೆ ಮನೆ ಮೆಕ್ಯಾನಿಕ್ ಕೈಹಾಕಬಾರದು.

ಇಷ್ಟು ವೋಲ್ಟೇಜ್ ಇದ್ದೂ ಕಾರಿನ ಬಾಡಿ ಮುಟ್ಟಿದರೆ ನಮಗೆ ಶಾಕ್ ಹೊಡೆಯದಿರುವುದಕ್ಕೆ ಕಾರಣವಿದೆ. ಹೈ ವೋಲ್ಟೇಜ್ ಬ್ಯಾಟರಿಯ ಪ್ಲಸ್ ಮೈನಸ್ ಎರಡನ್ನೂ ಬಾಡಿಯಿಂದ ಬೇರೆಯಾಗಿಯೇ ಇಟ್ಟಿರುತ್ತಾರೆ. ನಡುವಿನ ನಿರೋಧ ಎಷ್ಟಿರಬೇಕು ಎಂಬುದಕ್ಕೂ ನಿಯಮವಿದೆ: ಡಿ.ಸಿ., ಎ.ಸಿ. ಎರಡೂ ಒಂದಕ್ಕೊಂದು ಕೂಡಿದ ವ್ಯವಸ್ಥೆಯಲ್ಲಿ ಪ್ರತಿ ವೋಲ್ಟಿಗೆ ಕನಿಷ್ಠ 500 ಓಮ್. 320 ವೋಲ್ಟಿನ ಕಾರಿಗೆ ಅದು 1,60,000 ಓಮ್ ಆಗುತ್ತದೆ. ಕಾರು ಓಡುವಾಗ ಇದನ್ನು ಅಳೆಯುತ್ತಲೇ ಇರುತ್ತದೆ. ಕೇಬಲ್ಲಿನ ಕವಚ ಎಲ್ಲೋ ಉಜ್ಜಿ ಹೋದರೆ, ರೋಡ್ ಹಂಪಿಗೆ ತಳ ಬಡಿದು ಪ್ಯಾಕಿನ ಸೀಲು ಬಿಟ್ಟುಕೊಂಡರೆ, ನಿಂತ ನೀರಿನಲ್ಲಿ ಓಡಿಸಿದಾಗ ಕನೆಕ್ಟರಿಗೆ ತೇವ ಸೇರಿದರೆ ಈ ಅಂಕಿ ಇಳಿಯುತ್ತದೆ. ಒಂದು ಕಡೆ ಸೋರಿಕೆಯಾದರೆ ಶಾಕ್ ಹೊಡೆಯುವುದಿಲ್ಲ, ಇನ್ನೊಂದು ಕಡೆಯೂ ಆದರೆ ಹೊಡೆಯುತ್ತದೆ. ಆ ಎರಡನೆಯದು ಆಗುವ ಮುಂಚೆ ಎಚ್ಚರಿಸುವುದಕ್ಕೇ ಈ ದೀಪ ಇರುವುದು. ಹಲವು ಕಾರುಗಳು ಈ ದೋಷ ಕಂಡಾಗ ನಡುರಸ್ತೆಯಲ್ಲಿ ಆರಿಹೋಗದೆ ಪಕ್ಕಕ್ಕೆ ತರುವಷ್ಟು ಅವಕಾಶ ಕೊಡುತ್ತವೆ. ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಆದ್ದರಿಂದ ನಿಲ್ಲಿಸುವ ಜಾಗ ನೋಡಿಯೇ ಆಫ್ ಮಾಡಿ.

ಬ್ಯಾಟರಿಗಳು ಎಐಎಸ್ 038 ಎಂಬ ಮಾನದಂಡವನ್ನು ಪಾಲಿಸಬೇಕು. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಸಾಲುಸಾಲಾಗಿ ಬೆಂಕಿ ಬಿದ್ದ ಮೇಲೆ ಸರ್ಕಾರ ಬ್ಯಾಟರಿ ನಿಯಮಗಳನ್ನು ಬಿಗಿಗೊಳಿಸಿತು. ಒಂದು ಸೆಲ್ ಒಳಗೊಳಗೇ ಕಾದು ಅಪಾಯವಾಗುವ ಹಾಗಿದ್ದರೆ, ಬೆಂಕಿ ಒಳಗಿರುವವರನ್ನು ತಲುಪುವುದಕ್ಕೆ ಐದು ನಿಮಿಷ ಮೊದಲಾದರೂ ಎಚ್ಚರಿಕೆ ಬರಬೇಕು ಎಂಬುದು ಈ ಬಗೆಯ ನಿಯಮಗಳ ತಿರುಳು. ಆ ಐದು ನಿಮಿಷ ಲಗೇಜು ಇಳಿಸಿಕೊಳ್ಳಲು ಇರುವುದಲ್ಲ. ಮಕ್ಕಳನ್ನು, ಹಿರಿಯರನ್ನು ಕೆಳಗಿಳಿಸಿ ದೂರ ಹೋಗಲು ಇರುವುದು. ವಾಸನೆ, ಹೊಗೆ, ತಳದಲ್ಲಿ ಚಟಪಟ ಸದ್ದು, ಇದರಲ್ಲಿ ಯಾವುದೊಂದು ಇದ್ದರೂ ದೀಪಕ್ಕಾಗಿ ಕಾಯಬೇಡಿ.

ಇದರೊಂದಿಗೆ ಗೊಂದಲವಾಗುವ ಇನ್ನೊಂದು ಕೆಂಪು ದೀಪವಿದೆ: ಪ್ಲಸ್ ಮೈನಸ್ ಗುರುತಿನ ಹಳೆಯ ಬ್ಯಾಟರಿ ಚಿತ್ರ. ಅದು 12 ವೋಲ್ಟಿನ ಸಣ್ಣ ಬ್ಯಾಟರಿಯದು. ಎಲೆಕ್ಟ್ರಿಕ್ ಕಾರಿನಲ್ಲೂ ಅದು ಇರುತ್ತದೆ, ದೊಡ್ಡ ಬ್ಯಾಟರಿಯ ಸ್ವಿಚ್ಚುಗಳನ್ನು ಒತ್ತಿ ಹಿಡಿಯುವುದು ಅದರ ಕರೆಂಟೇ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅದು ಇಳಿದುಹೋದರೆ ಒಂದೇ ಸಲ ಹತ್ತಾರು ದೀಪಗಳು ಹೊತ್ತಿ, ದೊಡ್ಡ ಬ್ಯಾಟರಿಯೇ ಹೋಯಿತೇನೋ ಅನ್ನಿಸುತ್ತದೆ. ಎಷ್ಟೋ ಬಾರಿ ಆ ಸಣ್ಣ ಬ್ಯಾಟರಿ ಬದಲಿಸಿದರೆ ಎಲ್ಲವೂ ಆರುತ್ತವೆ.

ಚಾರ್ಜಿಂಗ್ ದೋಷದ ಎಚ್ಚರಿಕೆ ಬಂದಾಗ ನಮ್ಮ ಜನ ಮೊದಲು ಬೈಯುವುದು ಕಾರನ್ನು. ಮನೆಯಲ್ಲಿ ಚಾರ್ಜ್ ಮಾಡುವಾಗ ಈ ದೋಷ ಬಂದರೆ ಬಹುಪಾಲು ಸಲ ತಪ್ಪು ಗೋಡೆಯಲ್ಲಿರುತ್ತದೆ. ಕಂಡುಹಿಡಿಯುವ ದಾರಿ ಸುಲಭ: ಬೇರೊಂದು ಕಡೆ, ಬೇರೊಂದು ಚಾರ್ಜರಿಗೆ ಹಾಕಿ ನೋಡಿ. ಅಲ್ಲಿ ಚಾರ್ಜ್ ಆದರೆ ದೋಷ ನಿಮ್ಮ ಮನೆಯದು ಅಥವಾ ನಿಮ್ಮ ಚಾರ್ಜರಿನದು. ಎರಡು ಕಡೆಯೂ ಆಗದಿದ್ದರೆ ಕಾರನ್ನು ತೋರಿಸಿ.

ಗೋಡೆಯ ದೋಷಗಳಲ್ಲಿ ಮೊದಲ ಸ್ಥಾನ ಅರ್ಥಿಂಗಿನದು. ಫ್ರಿಜ್ಜು, ಮಿಕ್ಸಿಗಳು ಅರ್ಥ್ ಇಲ್ಲದಿದ್ದರೂ ಓಡುತ್ತವೆ, ಹಾಗಾಗಿ ಅರ್ಥ್ ಹೋಗಿದೆ ಎಂದು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಮೊದಲು ಅರ್ಥನ್ನು ಪರೀಕ್ಷಿಸುತ್ತದೆ. ಸಿಗದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಕೊಟ್ಟು ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಸಿ. ಫೇಸ್‌ನಿಂದ ನ್ಯೂಟ್ರಲ್‌ಗೆ ಸುಮಾರು 230 ವೋಲ್ಟ್, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಮಾತ್ರ ಬರಬೇಕು. ಮೂರನೆಯ ಅಳತೆಯಲ್ಲಿ ಹತ್ತಿಪ್ಪತ್ತು ವೋಲ್ಟ್ ಕಂಡರೆ ಅರ್ಥ್ ತಂತಿ ಎಲ್ಲೋ ತುಂಡಾಗಿದೆ ಅಥವಾ ಅರ್ಥ್ ಗುಂಡಿ ಕೆಲಸ ಮಾಡುತ್ತಿಲ್ಲ.

ಚಳಿಗಾಲದಲ್ಲಿ ಸರಿಯಾಗಿ ಆಗುತ್ತಿದ್ದ ಚಾರ್ಜಿಂಗ್ ಮಾರ್ಚಿನಲ್ಲಿ ನಿಂತುಹೋದರೆ ಅರ್ಥ್ ಗುಂಡಿಯ ಮುಚ್ಚಳ ತೆಗೆದು ನೋಡಿ. ಬಯಲುಸೀಮೆಯ ಒಣ ನೆಲದಲ್ಲಿ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿ ಬೇಸಿಗೆಯಲ್ಲಿ ತೇವ ಕಳೆದುಕೊಳ್ಳುತ್ತದೆ, ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಹೀರುವುದಿಲ್ಲ. ಗುಂಡಿಯ ಪೈಪಿಗೆ ಆಗಾಗ ಒಂದೆರಡು ಬಕೆಟ್ ನೀರು ಹಾಕುವುದು ಹಳೆಯ ಲೈನ್‌ಮನ್‌ಗಳು ಹೇಳಿಕೊಟ್ಟ ರೂಢಿ. ಇಂದಿಗೂ ಅದು ಸರಿಯಾದದ್ದೇ.

ಅಪಾರ್ಟ್‌ಮೆಂಟುಗಳಲ್ಲಿ ದೂರು ಬೇರೆ ಥರ: ಪ್ಲಗ್ ಹಾಕಿದಾಗ ಸರಿ, ಹತ್ತು ನಿಮಿಷದ ಮೇಲೆ ನಿಲ್ಲುತ್ತದೆ. ಮೀಟರ್ ಬೋರ್ಡಿನಿಂದ ಪಾರ್ಕಿಂಗಿಗೆ 40 ಮೀಟರ್ ತಂತಿ ಎಳೆದಿದ್ದಾರೆ, ಅದೂ 2.5 ಚದರ ಮಿ.ಮೀ. ತಾಮ್ರದ್ದು ಎಂದುಕೊಳ್ಳಿ. 15 ಆಂಪ್ಸ್ ಹರಿಯುವಾಗ ನ್ಯೂಟ್ರಲ್ ತಂತಿಯೊಂದರಲ್ಲೇ ಸುಮಾರು ನಾಲ್ಕೂವರೆ ವೋಲ್ಟ್ ಕಳೆದುಹೋಗುತ್ತದೆ, ಮೇಲಿನ ಮೂರನೆಯ ಅಳತೆ ಅಷ್ಟೇ ಏರುತ್ತದೆ. 4 ಚದರ ಮಿ.ಮೀ. ತಂತಿಯಾದರೆ ಇದು ಮೂರು ವೋಲ್ಟಿಗಿಂತ ಕಡಿಮೆ. ಆದ್ದರಿಂದ ಅಳತೆಯನ್ನು ಕಾರು ಚಾರ್ಜ್ ಆಗುತ್ತಿರುವಾಗಲೂ ಒಮ್ಮೆ ತೆಗೆಸಬೇಕು. ಇದರ ಜೊತೆಗೆ ಸಾಕೆಟ್ಟಿನ ಹಿಡಿತ ಸಡಿಲವಾಗಿದ್ದರೆ ಅಲ್ಲೇ ಬಿಸಿ ಹುಟ್ಟುತ್ತದೆ. ಸಡಿಲ ಪಿನ್ನಿನಲ್ಲಿ ಹತ್ತನೇ ಒಂದು ಓಮ್ ನಿರೋಧವಿದ್ದರೂ 15 ಆಂಪ್ಸಿಗೆ 22 ವ್ಯಾಟ್ ಶಾಖ, ಅದೂ ಖಾಲಿ ಬ್ಯಾಟರಿ ತುಂಬಲು ಬೇಕಾದ ಹತ್ತು ಗಂಟೆ ಕಾಲ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್ಟನ್ನು ಅಂದೇ ಬದಲಿಸಿ. ಕರೆಂಟ್ ಹೋಗಿ ಯುಪಿಎಸ್ ಅಥವಾ ಸಣ್ಣ ಜನರೇಟರ್ ಶುರುವಾದಾಗ ಚಾರ್ಜಿಂಗ್ ನಿಂತರೆ ಗಾಬರಿ ಬೇಡ. ಅವುಗಳ ನ್ಯೂಟ್ರಲ್ಲನ್ನು ಹಲವೆಡೆ ನೆಲಕ್ಕೆ ಜೋಡಿಸಿರುವುದಿಲ್ಲ, ಚಾರ್ಜರಿಗೆ ಅರ್ಥ್ ಸಿಗುವುದಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಅರ್ಥ್ ಇಲ್ಲದ ಮನೆಗೆ ಬಂದ ಎಲೆಕ್ಟ್ರಿಷಿಯನ್ ಕೆಲವೊಮ್ಮೆ ಐದೇ ನಿಮಿಷದಲ್ಲಿ ಚಾರ್ಜರ್ ಓಡುವಂತೆ ಮಾಡಿಬಿಡುತ್ತಾನೆ. ಸಾಕೆಟ್ಟಿನ ಒಳಗೆ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿರುತ್ತಾನೆ. ಚಾರ್ಜರ್ ಮೋಸ ಹೋಗುತ್ತದೆ, ಹಸಿರು ದೀಪ ಬರುತ್ತದೆ. ಮುಂದೊಂದು ದಿನ ಆ ಲೈನಿನ ನ್ಯೂಟ್ರಲ್ ಹಿಂದೆಲ್ಲೋ ಕಡಿದರೆ 230 ವೋಲ್ಟ್ ಆ ತುಂಡು ತಂತಿಯ ಮೂಲಕ ನೇರ ಕಾರಿನ ಬಾಡಿಗೆ ಬರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಗತಿ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆಯ ಚಾರ್ಜಿಂಗ್ ಸಾಕೆಟ್ಟನ್ನು ಒಮ್ಮೆ ಮೇನ್ ಆಫ್ ಮಾಡಿಸಿ, ಬಿಚ್ಚಿಸಿ ನೋಡಿ. ಅಂಥ ತಂತಿ ಇದ್ದರೆ ಕಿತ್ತು ಹಾಕಿಸಿ, ಹೊಸ ಅರ್ಥ್ ಗುಂಡಿ ತೋಡಿಸಿ, ಆ ಲೈನಿಗೆ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಹಾಕಿಸಿ. ಅಲ್ಲಿಯವರೆಗೆ ಕಾರನ್ನು ಹೊರಗಡೆಯೇ ಚಾರ್ಜ್ ಮಾಡಿಸಿಕೊಳ್ಳಿ.